ಬೋರ್ಡ್ ಹಾಕುವ ಮೊದಲು ಹಳೆಯ ಗಿರಾಕಿಗೆ

ಆಷಾಢ ಅರ್ಧ ಕಳೆಯುತ್ತಿದ್ದಂತೆ ಸೀರೆ ಅಂಗಡಿಗಳ ಸಂದೇಶಗಳು ಫೋನಿಗೆ ಬಂದು ಬೀಳತೊಡಗುತ್ತವೆ. ಹೆಚ್ಚುಕಡಿಮೆ ಎಲ್ಲದರ ಮಾತೂ ಒಂದೇ: ಧಮಾಕಾ, ಬಂಪರ್, ಶೇ. 50ರವರೆಗೆ ರಿಯಾಯಿತಿ, ತ್ವರೆ ಮಾಡಿ, ಷರತ್ತುಗಳು ಅನ್ವಯ. ದೊಡ್ಡ ಮಳಿಗೆಗಳು ಹೀಗೆ ಬರೆಯುವುದಕ್ಕೆ ಕಾರಣವಿದೆ. ಅವರಿಗೆ ಬೇಕಾದದ್ದು ಇದುವರೆಗೆ ಅಂಗಡಿಯ ಮೆಟ್ಟಿಲು ಹತ್ತದ ಸಾವಿರಾರು ಜನ. ಊರಿನ ಪೇಟೆ ಬೀದಿಯಲ್ಲಿ ಎರಡು ಮೂರು ತಲೆಮಾರಿನಿಂದ ಒಂದೇ ಮನೆಯವರು ನಡೆಸುತ್ತಿರುವ ಅಂಗಡಿಯೂ ಅದೇ ಮಾತನ್ನು ತನ್ನ ಹಳೆಯ ಗಿರಾಕಿಗಳಿಗೆ ಕಳಿಸಿದರೆ ನಷ್ಟ ಅಂಗಡಿಗೇ. ಆ ಗಿರಾಕಿಗೆ ಅಂಗಡಿಯ ಸರಕೂ ಗೊತ್ತು, ಹೋದ ವರ್ಷದ ಬೆಲೆಯೂ ಗೊತ್ತು. ಅವರಿಗೆ ಕೂಗಿ ಹೇಳಬೇಕಾದದ್ದು ಏನೂ ಇರುವುದಿಲ್ಲ. ಯಾವ ಸೀರೆ, ಎಷ್ಟಕ್ಕೆ, ಯಾವ ದಿನ, ಯಾವುದಕ್ಕೆ ರಿಯಾಯಿತಿ ಇಲ್ಲ ಎಂಬ ನಾಲ್ಕು ವಿಷಯ ಸರಿಯಾಗಿ ತಿಳಿದರೆ ಸಾಕು.

ಈ ನಾಲ್ಕನ್ನು ಬರೆಯುವುದು ಕಾಣುವಷ್ಟು ಸುಲಭವಲ್ಲ. ಬರೆಯುವ ಮೊದಲು ಪಂಚಾಂಗ ನೋಡಬೇಕು, ಲೆಕ್ಕ ಹಾಕಬೇಕು, ಕಪಾಟಿನಲ್ಲಿರುವ ಸೀರೆಗೆ ಸರಿಯಾದ ಹೆಸರು ಯಾವುದೆಂದು ತೀರ್ಮಾನಿಸಬೇಕು. ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ತುಮಕೂರಿನಂಥ ಊರಿನಲ್ಲಿ ಒಂದು ಅಂಗಡಿ ಎಂದುಕೊಳ್ಳಿ. ಗಲ್ಲಾದ ಮೇಲೆ ಅಪ್ಪ, ಸೀರೆ ಬಿಡಿಸಿ ತೋರಿಸುವವನು ಮಗ, ಫೋನು ಮತ್ತು ಬಿಲ್ಲು ನೋಡಿಕೊಳ್ಳುವವರು ಸೊಸೆ. ವರ್ಷಕ್ಕೆ ಎರಡು ಮೂರು ಸಲವಾದರೂ ಬರುವ ಮನೆಗಳು ಸುಮಾರು ಇನ್ನೂರು. ಹಬ್ಬ ವರಮಹಾಲಕ್ಷ್ಮಿ. ದಿನಾಂಕಗಳಿಗೆ 2025ರ ಪಂಚಾಂಗವನ್ನೇ ತೆಗೆದುಕೊಳ್ಳೋಣ.

ದಿನ ಗೊತ್ತುಮಾಡುವವನು ದರ್ಜಿ

2025ರಲ್ಲಿ ವರಮಹಾಲಕ್ಷ್ಮಿ ವ್ರತ ಬಿದ್ದದ್ದು ಆಗಸ್ಟ್ 8ರ ಶುಕ್ರವಾರ. ಆಷಾಢ ಮುಗಿದದ್ದು ಜುಲೈ 24ರ ಭೀಮನ ಅಮಾವಾಸ್ಯೆಯಂದು. ಶ್ರಾವಣ ಹುಟ್ಟಿದ ಮೇಲೆ ಸೇಲ್ ಆರಂಭಿಸೋಣ ಎಂದು ಅಂಗಡಿಯವರು ಕಾದರೆ ಹಬ್ಬಕ್ಕೆ ಉಳಿಯುವುದು ಎರಡೇ ವಾರ. ಸೀರೆ ಕೊಳ್ಳಲು ಎರಡು ವಾರ ಧಾರಾಳ. ಉಡಲು ಸಾಲದು.

ಸೀರೆ ಕೊಂಡ ದಿನವೇ ಹಬ್ಬದ ಸೀರೆ ತಯಾರಾಗುವುದಿಲ್ಲ ಎನ್ನುವುದನ್ನು ಪ್ರಕಟಣೆ ಬರೆಯುವವರು ಮರೆಯುತ್ತಾರೆ. ಬ್ಲೌಸ್ ಪೀಸ್ ಕತ್ತರಿಸಿ ದರ್ಜಿಗೆ ಕೊಡಬೇಕು. ಹಬ್ಬದ ಹೊತ್ತಿಗೆ ದರ್ಜಿಗಳು ಹತ್ತು ಹದಿನೈದು ದಿನ ಕೇಳುತ್ತಾರೆ, ಹಬ್ಬ ಹತ್ತಿರವಾದರೆ ಹೊಸ ಬಟ್ಟೆ ಹಿಡಿಯುವುದೇ ಇಲ್ಲ. ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು. ಕುಚ್ಚು ಕೈಕೆಲಸ. ಮನೆಯಲ್ಲಿ ಕೂತು ಕಟ್ಟುವ ಹೆಂಗಸರ ಹತ್ತಿರ ಆಗಲೇ ಹತ್ತಾರು ಸೀರೆ ಸಾಲಾಗಿ ಕೂತಿರುತ್ತವೆ. ಇಷ್ಟೆಲ್ಲ ಮುಗಿಯಲು ಇಪ್ಪತ್ತು ದಿನ ಬೇಕೆಂದು ಹಿಡಿದರೆ, ಆಗಸ್ಟ್ 8ರಿಂದ ಹಿಂದಕ್ಕೆ ಎಣಿಸಿದಾಗ ಸಿಗುವುದು ಜುಲೈ 19.

ಅದು ಆಷಾಢದ ಶನಿವಾರ. ಹಿಂದಿನ ದಿನ ಆಷಾಢ ಶುಕ್ರವಾರ, ಹೆಂಗಸರಿಗೆ ಪೂಜೆ, ದೇವಸ್ಥಾನ ಇರುತ್ತದೆ. ಆದ್ದರಿಂದ ಶನಿವಾರ, ಭಾನುವಾರ, ಸೋಮವಾರ ಈ ಮೂರು ದಿನ ಹಳೆಯ ಗಿರಾಕಿಗಳಿಗೆ ಮೀಸಲು. ಸಂದೇಶ ಹೋಗಬೇಕಾದದ್ದು ಅದರ ಹಿಂದಿನ ಭಾನುವಾರ, ಜುಲೈ 13ರಂದು. ಇನ್ನೂ ಮೊದಲೇ ಕಳಿಸಿದರೆ ಮರೆತುಹೋಗುತ್ತದೆ. ಎರಡು ದಿನ ಮುಂಚೆ ಕಳಿಸಿದರೆ ಜೊತೆಗೆ ಬರುವ ಅಕ್ಕನಿಗೋ ಮಗಳಿಗೋ ಹೇಳಿ ದಿನ ಹೊಂದಿಸಿಕೊಳ್ಳಲು ಸಮಯವಿರುವುದಿಲ್ಲ.

ಒಂದು ತೊಡಕು ಉಳಿಯುತ್ತದೆ. ಜುಲೈ 19 ತಿಂಗಳ ಕೊನೆಯ ಕಡೆಗೆ ಬಂತು, ಸಂಬಳದ ಮನೆಗಳಲ್ಲಿ ಕೈ ಬಿಗಿಯಾಗಿರುವ ಹೊತ್ತು. ಮನೆಮಂದಿಯ ಅಂಗಡಿಗೆ ಮಾತ್ರ ಸಾಧ್ಯವಾಗುವ ಅನುಕೂಲ ಇಲ್ಲಿದೆ. ಅರ್ಧ ಹಣ ಕೊಟ್ಟರೆ ಬ್ಲೌಸ್ ಪೀಸ್ ಕತ್ತರಿಸಿ ಅಂದೇ ಕೊಟ್ಟುಬಿಡುವುದು, ಸೀರೆಯನ್ನು ಅಂಗಡಿಯಲ್ಲೇ ಎತ್ತಿಟ್ಟುಕೊಂಡು ಫಾಲ್ ಹಾಕಿಸುವುದು, ಸಂಬಳ ಬಂದ ಮೇಲೆ ಆಗಸ್ಟ್ 5ರೊಳಗೆ ಉಳಿದ ಹಣ ಪಡೆದು ಸೀರೆ ಕೊಡುವುದು. ಗುರುತಿನವರಿಗೆ ಇಂಥ ಅಂಗಡಿಗಳು ಮೊದಲಿನಿಂದಲೂ ಹೀಗೆ ಎತ್ತಿಡುತ್ತ ಬಂದಿವೆ. ಆದರೆ ಬಾಯಿಬಿಟ್ಟು ಕೇಳಲು ಸಂಕೋಚಪಡುವ ಗಿರಾಕಿಗೆ ಅದು ಗೊತ್ತಾಗುವುದೇ ಇಲ್ಲ. ಪ್ರಕಟಣೆಯಲ್ಲಿ ಒಂದು ಸಾಲು ಬರೆದರೆ ಅವರು ಕೇಳುವ ಅಗತ್ಯವೇ ಬೀಳುವುದಿಲ್ಲ.

ಶೇ. 20 ಎಂದು ಬರೆಯುವ ಮೊದಲು

ರಿಯಾಯಿತಿ ಎಷ್ಟು ಎಂಬ ಪ್ರಶ್ನೆಗೆ ಅನೇಕ ಅಂಗಡಿಗಳು ಎದುರಂಗಡಿಯ ಬೋರ್ಡ್ ನೋಡಿ ಉತ್ತರ ಕಂಡುಕೊಳ್ಳುತ್ತವೆ. ನೋಡಬೇಕಾದದ್ದು ಸ್ವಂತ ಲೆಕ್ಕದ ಪುಸ್ತಕ. ಒಂದು ಸೀರೆಯ ಅಸಲು ₹1,800, ಮಾರುವ ಬೆಲೆ ₹2,700 ಎಂದುಕೊಳ್ಳಿ. ನಡುವೆ ಉಳಿಯುವ ₹900ರಲ್ಲಿ ಅಂಗಡಿ ಬಾಡಿಗೆ, ಕೆಲಸದವರ ಸಂಬಳ, ಸಾಲದ ಬಡ್ಡಿ, ಕರೆಂಟ್ ಎಲ್ಲ ಬರಬೇಕು.

ಇದಕ್ಕೆ ಶೇ. 10 ಬಿಟ್ಟರೆ ಗಿರಾಕಿಗೆ ಉಳಿಯುವುದು ₹270. ಅಂಗಡಿಯ ₹900 ಆಗ ₹630ಕ್ಕೆ ಇಳಿಯುತ್ತದೆ. ಬೆಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಬಿಟ್ಟೆವು ಅನ್ನಿಸಿದರೂ ಉಳಿತಾಯದಲ್ಲಿ ಹೋದದ್ದು ಹತ್ತರಲ್ಲಿ ಮೂರು ಪಾಲು. ನೂರು ಸೀರೆಯಿಂದ ಬರುತ್ತಿದ್ದಷ್ಟೇ ಹಣ ಬರಲು ಈಗ 143 ಸೀರೆ ಮಾರಬೇಕು. ಶೇ. 20 ಬಿಟ್ಟರೆ ಸೀರೆಗೆ ಉಳಿಯುವುದು ₹360, ಮಾರಬೇಕಾದದ್ದು 250 ಸೀರೆ. ಇನ್ನೂರು ಮನೆಗಳ ಗಿರಾಕಿಗಳಿರುವ ಅಂಗಡಿ ಮೂರು ದಿನದಲ್ಲಿ ಒಂದೇ ಬಗೆಯ 250 ಸೀರೆಯನ್ನು ಅವರಿಗೆ ಮಾರುವುದು ಆಗದ ಮಾತು. ದೊಡ್ಡ ಮಳಿಗೆಯ ಶೇಕಡಾವನ್ನು ನೋಡಿ ಬರೆಯಬಾರದು ಎನ್ನುವುದು ಇದಕ್ಕೇ.

ಅದೇ ಸೀರೆಗೆ ಬೆಲೆ ಇಳಿಸದೆ ಫಾಲ್ ಮತ್ತು ಜಿಗ್‌ಜಾಗ್ ಅಂಗಡಿಯ ಕಡೆಯಿಂದಲೇ ಮಾಡಿಸಿಕೊಟ್ಟರೆ? ಅದಕ್ಕೆ ಅಂಗಡಿಗೆ ₹150 ಖರ್ಚಾಗುತ್ತದೆ ಎಂದಿಟ್ಟುಕೊಂಡರೂ ಸೀರೆಗೆ ₹750 ಉಳಿಯುತ್ತದೆ. ಗಿರಾಕಿಗೆ ಹಣವಷ್ಟೇ ಅಲ್ಲ, ಫಾಲ್ ಹಾಕುವವರ ಹತ್ತಿರ ಎರಡು ಸಲ ಹೋಗಿಬರುವ ಓಡಾಟವೂ ತಪ್ಪುತ್ತದೆ. ಹಬ್ಬದ ವಾರದಲ್ಲಿ ಈ ಓಡಾಟದ ಕಷ್ಟ ಎಂಥದೆಂದು ಪ್ರತಿ ಮನೆಯ ಗೃಹಿಣಿಗೂ ಗೊತ್ತು.

ನಮ್ಮ ಉದಾಹರಣೆಯ ಅಂಗಡಿ ಎರಡನ್ನೂ ಬೆರೆಸಲಿ. ನೇಕಾರರಿಂದ ನೇರವಾಗಿ ಒಟ್ಟಿಗೆ ತರಿಸಿದ 60 ಇಳಕಲ್ ಸೀರೆಗಳಿಗೆ ಮಾತ್ರ ಶೇ. 10. ಹಬ್ಬಕ್ಕೆಂದು ಬಂದ ಉಳಿದ ರೇಷ್ಮೆಗೆ ಎಂದಿನ ಬೆಲೆ, ಫಾಲ್ ಮತ್ತು ಜಿಗ್‌ಜಾಗ್ ಅಂಗಡಿಯದು. ಮದುವೆ ಸೀರೆಗಳಿಗೆ ಎರಡೂ ಇಲ್ಲ. ಹೀಗೆ ಗೆರೆ ಎಳೆದುಕೊಂಡರೆ ಬರೆಯುವಾಗ ‘ರವರೆಗೆ’ ಎಂಬ ಮಾತೇ ಬೇಕಾಗುವುದಿಲ್ಲ. ‘ಶೇ. 50ರವರೆಗೆ’ ಎಂದು ಓದಿ ಬಂದ ಹಳೆಯ ಗಿರಾಕಿಗೆ ಐವತ್ತು ಇರುವುದು ಮೂಲೆಯಲ್ಲಿ ಬಣ್ಣ ಮಾಸಿದ ನಾಲ್ಕು ಸೀರೆಗಳಿಗೆ ಎಂದು ಗೊತ್ತಾದರೆ ಅವರು ಜಗಳವಾಡುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ, ಗೌರಿ ಹಬ್ಬಕ್ಕೆ ಬೇರೆ ಅಂಗಡಿಗೆ ಹೋಗುತ್ತಾರೆ.

ಬೆಲೆ ಏರಿಸಿ ರಿಯಾಯಿತಿ ತೋರಿಸುವ ಚಾಳಿಯೂ ಹಳೆಯ ಗಿರಾಕಿಯ ಮುಂದೆ ನಡೆಯುವುದಿಲ್ಲ. ಯುಗಾದಿಗೆ ₹2,700 ಕೊಟ್ಟು ಕೊಂಡ ಸೀರೆಗೆ ಈಗ ₹3,000ದ ಚೀಟಿ ಅಂಟಿಸಿ ಅದರ ಮೇಲೆ ಗೆರೆ ಎಳೆದಿದ್ದರೆ ಅವರ ಕಣ್ಣಿಗೆ ಮೊದಲು ಬೀಳುವುದು ಅದೇ. ಪ್ರಕಟಣೆಯಲ್ಲಿ ಬರೆಯುವ ‘ಮೊದಲ ಬೆಲೆ’ಗೆ ನಿಜವಾಗಿ ಸೀರೆ ಮಾರಿದ ಬಿಲ್ಲು ಅಂಗಡಿಯಲ್ಲಿರಬೇಕು.

ಹೆಸರು ಬರೆಯುವಾಗಿನ ಎಚ್ಚರ

ಸೀರೆಯ ಪ್ರಕಟಣೆಯಲ್ಲಿ ಹೆಚ್ಚು ತಪ್ಪುಗಳು ನಡೆಯುವುದು ಬೆಲೆಯಲ್ಲಿ ಅಲ್ಲ, ಸೀರೆಯ ಹೆಸರಿನಲ್ಲಿ. ಮೈಸೂರು ಸಿಲ್ಕ್ ಎಂಬುದನ್ನೇ ನೋಡಿ. ಈ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದು ನೋಂದಣಿಯಾಗಿರುವುದು ಸರ್ಕಾರಿ ಸ್ವಾಮ್ಯದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದರೆ ಕೆಎಸ್‌ಐಸಿಯ ಹೆಸರಿನಲ್ಲಿ. ಮೈಸೂರಿನಲ್ಲಿ 1912ರಲ್ಲಿ ಅರಸರ ಕಾಲದಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯ ಪರಂಪರೆ ಅದರದು. ಖಾಸಗಿ ಮಗ್ಗಗಳಲ್ಲಿ ನೇಯ್ದ ಕ್ರೇಪ್ ಸೀರೆ ಎಷ್ಟೇ ಚೆನ್ನಾಗಿರಲಿ, ನೂಲು ನೂರಕ್ಕೆ ನೂರು ರೇಷ್ಮೆಯೇ ಇರಲಿ, ಅದನ್ನು ‘ಮೈಸೂರು ಸಿಲ್ಕ್’ ಎಂದು ಬರೆಯುವುದು ಸರಿಯಲ್ಲ. ‘ಕ್ರೇಪ್ ರೇಷ್ಮೆ’ ಎಂದು ಬರೆದರೆ ಸೀರೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ, ಬರೆದವರ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ‘ಸಿಲ್ಕ್’ ಎಂಬ ಬಾಲ. ಆರ್ಟ್ ಸಿಲ್ಕ್, ಸೆಮಿ ಸಿಲ್ಕ್, ಸಾಫ್ಟ್ ಸಿಲ್ಕ್ ಎಂದು ಮಾರಾಟವಾಗುವ ಸೀರೆಗಳಲ್ಲಿ ಅನೇಕವು ವಿಸ್ಕೋಸ್ ಅಥವಾ ಪಾಲಿಯೆಸ್ಟರ್ ನೂಲಿನವು. ಮಾರಲಿ, ಅದರಲ್ಲಿ ತಪ್ಪಿಲ್ಲ. ನಿತ್ಯ ಉಡಲು ಅವೇ ಅನುಕೂಲ ಎನ್ನುವವರೂ ಇದ್ದಾರೆ. ಆದರೆ ಪ್ರಕಟಣೆಯಲ್ಲಿ ಅವುಗಳನ್ನು ಶುದ್ಧ ರೇಷ್ಮೆಯ ಸಾಲಿನಲ್ಲಿ ಸೇರಿಸಿ ಬರೆಯಬಾರದು. ಶುದ್ಧ ರೇಷ್ಮೆ ಎಂದು ಬರೆಯುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇರುವ ಸೀರೆಗೇ ಬರೆಯುವುದು ಕ್ಷೇಮ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಆರಂಭವಾದ ಈ ಗುರುತು ಸೀರೆಯ ನೂಲು ಸಹಜ ರೇಷ್ಮೆ ಎಂದು ಹೇಳುತ್ತದೆ. ಅದು ಹೇಳುವುದು ಅಷ್ಟನ್ನೇ. ಜರಿ ಎಂಥದು, ಸೀರೆ ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಂದೇಹವಿದ್ದರೆ ಸೀರೆಯ ಬದಿಯಿಂದ ಎರಡು ಎಳೆ ತೆಗೆದು ಸುಟ್ಟು ನೋಡುವ ಹಳೆಯ ಪರೀಕ್ಷೆ ಈಗಲೂ ನಡೆಯುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಬೂದಿ ಬಿಡುತ್ತದೆ. ವಿಸ್ಕೋಸ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಇಳಕಲ್ ಸೀರೆಗೂ ಬರೀ ‘ಇಳಕಲ್’ ಎಂದರೆ ಸಾಲದು. ಬಾಗಲಕೋಟೆ ಜಿಲ್ಲೆಯ ಆ ಊರಿನ ಹೆಸರಿಗೂ ಭೌಗೋಳಿಕ ಸೂಚಕವಿದೆ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು ಆ ನೇಯ್ಗೆಯ ವಿಶೇಷ. ಕೆಂಪು ಬಿಳಿಯ ಟೋಪ್ ತೆನಿ ಸೆರಗು ಅದರ ಗುರುತು. ಒಡಲು ಹತ್ತಿಯದೂ ಇರಬಹುದು, ರೇಷ್ಮೆಯದೂ ಇರಬಹುದು, ಕೃತಕ ನೂಲಿನದೂ ಇರಬಹುದು. ಬೆಲೆ ನಿಂತಿರುವುದು ಅದರ ಮೇಲೆ. ‘ಹತ್ತಿ ಒಡಲು, ರೇಷ್ಮೆ ಸೆರಗು, ಕೈಮಗ್ಗ’ ಎಂಬ ಐದು ಪದ ಸೇರಿಸಿದರೆ ಗಿರಾಕಿ ಮನೆಯಲ್ಲೇ ಕೂತು ತನಗೆ ಬೇಕೋ ಬೇಡವೋ ತೀರ್ಮಾನಿಸಬಹುದು.

ಬರೆದದ್ದು ಹೀಗಿರಲಿ

ಇಷ್ಟು ಸಿದ್ಧತೆಯಾದ ಮೇಲೆ ಬರವಣಿಗೆ ತಾನಾಗಿಯೇ ಚಿಕ್ಕದಾಗುತ್ತದೆ. ನಮ್ಮ ಅಂಗಡಿಯ ಸಂದೇಶ ಹೀಗಿರಬಹುದು:

> ನಮಸ್ಕಾರ. ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ಅಂಗಡಿಗೆ ಬಂದಿವೆ. ಹೊರಗೆ ಬೋರ್ಡ್ ಹಾಕುವ ಮೊದಲು ನೀವು ನೋಡಬೇಕೆಂದು ಜುಲೈ 19, 20, 21 (ಶನಿ, ಭಾನು, ಸೋಮ) ಮೂರು ದಿನ ನಮ್ಮ ಹಳೆಯ ಗ್ರಾಹಕರಿಗೆ ಇಟ್ಟಿದ್ದೇವೆ. ಬೆಳಿಗ್ಗೆ 10ರಿಂದ ರಾತ್ರಿ 8.
>
> ಇಳಕಲ್ ಕೈಮಗ್ಗದ ಸೀರೆ, ಹತ್ತಿ ಒಡಲು, ರೇಷ್ಮೆ ಸೆರಗು: ₹2,700ರದ್ದು ₹2,430ಕ್ಕೆ. ಒಟ್ಟು 60 ಸೀರೆಗಳಿವೆ.
>
> ಕ್ರೇಪ್ ರೇಷ್ಮೆ, ಸಿಲ್ಕ್ ಮಾರ್ಕ್ ಇರುವವು: ಬೆಲೆ ಎಂದಿನದೇ. ಫಾಲ್, ಜಿಗ್‌ಜಾಗ್ ನಮ್ಮ ಕಡೆಯಿಂದ.
>
> ಮದುವೆ ಸೀರೆಗಳಿಗೆ ಈ ಸಲ ರಿಯಾಯಿತಿ ಇಲ್ಲ.
>
> ಅರ್ಧ ಹಣ ಕೊಟ್ಟರೆ ಬ್ಲೌಸ್ ಪೀಸ್ ಅಂದೇ ಕೊಡುತ್ತೇವೆ. ಸೀರೆ ಎತ್ತಿಟ್ಟಿರುತ್ತೇವೆ, ಆಗಸ್ಟ್ 5ರೊಳಗೆ ಒಯ್ಯಬಹುದು. ಬಣ್ಣ ಹಿಡಿಸದಿದ್ದರೆ ಬ್ಲೌಸ್ ಪೀಸ್ ಕತ್ತರಿಸುವ, ಫಾಲ್ ಹಾಕುವ ಮೊದಲು 7 ದಿನದೊಳಗೆ ಬದಲಾಯಿಸಿಕೊಳ್ಳಿ.
>
> ಬಿಲ್ ಹಾಕುವಾಗ ನಿಮ್ಮ ಫೋನ್ ನಂಬರ್ ಹೇಳಿದರೆ ಸಾಕು.

ಕೆಳಗೆ ಅಂಗಡಿಯ ಹೆಸರು, ಬೀದಿ, ಫೋನ್ ನಂಬರ್. ಸಂದೇಶದೊಂದಿಗೆ ಎರಡೇ ಚಿತ್ರ: ಇಳಕಲ್ ಸೀರೆಯ ಸೆರಗು ಒಂದು, ಕ್ರೇಪ್ ಸೀರೆಗಳ ಬಣ್ಣ ಕಾಣುವಂತೆ ಸಾಲಾಗಿ ಜೋಡಿಸಿದ್ದು ಇನ್ನೊಂದು. ಎರಡನ್ನೂ ಹಗಲು ಬೆಳಕಿನಲ್ಲಿ, ಅಂಗಡಿಯ ಬಾಗಿಲ ಬಳಿ ತೆಗೆಯಬೇಕು. ಟ್ಯೂಬ್‌ಲೈಟ್ ಕೆಳಗೆ ತೆಗೆದ ಚಿತ್ರದಲ್ಲಿ ಅರಿಶಿನ ಬಣ್ಣ ಒಂದು ಥರ ಕಂಡು, ಮನೆಗೆ ಒಯ್ದಾಗ ಇನ್ನೊಂದು ಥರ ಕಾಣುತ್ತದೆ.

ಇದರ ಒಂದೊಂದು ಸಾಲಿಗೂ ಕೆಲಸವಿದೆ. ಮೊದಲ ಸಾಲಿನಲ್ಲೇ ಹಬ್ಬದ ಹೆಸರು ಬಂದಿದೆ; ಫೋನ್ ಮುಟ್ಟುವ ಮೊದಲು ಪರದೆಯ ಮೇಲೆ ಕಾಣುವುದು ಆರಂಭದ ಸಾಲಷ್ಟೇ. ರಿಯಾಯಿತಿಯನ್ನು ಶೇಕಡಾದಲ್ಲಿ ಹೇಳಿಲ್ಲ, ಎರಡು ಬೆಲೆಯನ್ನೇ ಬರೆದಿದೆ; ಕೊಳ್ಳುವವರಿಗೆ ಬೇಕಾದದ್ದು ಕೈಯಿಂದ ಕೊಡುವ ಹಣ ಎಷ್ಟು ಎಂಬುದು. ‘60 ಸೀರೆಗಳಿವೆ’ ಎಂಬುದು ‘ಸ್ಟಾಕ್ ಮುಗಿಯುವ ಮುನ್ನ’ ಎನ್ನುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅದು ಎಣಿಸಿ ನೋಡಬಹುದಾದ ಮಾತು. ಮದುವೆ ಸೀರೆಗೆ ರಿಯಾಯಿತಿ ಇಲ್ಲ ಎಂದು ಮೊದಲೇ ಹೇಳಿರುವುದರಿಂದ, ಮಗಳ ಮದುವೆ ಇಟ್ಟುಕೊಂಡವರು ಆಸೆಯಿಂದ ಬಂದು ಪೆಚ್ಚಾಗುವುದು ತಪ್ಪುತ್ತದೆ. ಕೊನೆಯ ಸಾಲು ಗಿರಾಕಿ ಚೀಟಿಯನ್ನೋ ಸಂದೇಶವನ್ನೋ ಹುಡುಕಿ ತೋರಿಸುವ ಮುಜುಗರವನ್ನು ತೆಗೆದುಹಾಕುತ್ತದೆ.

ಕಾನೂನು ಕೇಳುವುದೂ ಬಹುಮಟ್ಟಿಗೆ ಇದನ್ನೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಕಡಿಮೆ ಬೆಲೆ ತೋರಿಸಿ ಜನರನ್ನು ಸೆಳೆಯುವ ಜಾಹೀರಾತಿಗೆ ನಿಯಮ ಹಾಕಿದೆ. ಹೇಳಿದ ಬೆಲೆಗೆ ಮಾರುವಷ್ಟು ಸರಕು ಇರಬೇಕು. ಸರಕು ಮಿತವಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಇನ್ನು ‘ಒಮ್ಮೆ ಮಾರಿದ ಸರಕನ್ನು ಹಿಂದೆ ಪಡೆಯುವುದಿಲ್ಲ’ ಎಂದು ಬರೆದುಕೊಂಡರೆ ಎಲ್ಲ ಮುಗಿಯಿತು ಎಂದು ಅಂಗಡಿಯವರು ತಿಳಿಯಬಾರದು. ಸರಕಿನಲ್ಲಿ ದೋಷವಿದ್ದರೆ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಿಂದೆ ಪಡೆಯಲು ನಿರಾಕರಿಸುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಎನ್ನುತ್ತದೆ. ಎಳೆ ತಪ್ಪಿದ, ಕಲೆ ಇರುವ ಸೀರೆಗೆ ಇದು ಸೇಲ್‌ನಲ್ಲೂ ಅನ್ವಯ. ಬಣ್ಣ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಅದಕ್ಕೆ ಬದಲಾಯಿಸಿಕೊಡುವುದು ಅಂಗಡಿಯ ಇಷ್ಟ, ಆದ್ದರಿಂದಲೇ ಅದರ ಗಡುವನ್ನು ಸಂದೇಶದಲ್ಲಿ ಬರೆದಿರಬೇಕು.

ಹತ್ತು ದಿನ ಮುಂಚೆ ಕೊಂಡವರು

ಸಂದೇಶ ಕಳಿಸುವ ಮೊದಲು ಇನ್ನೊಂದು ಕೆಲಸವಿದೆ. ಹೆಚ್ಚಿನ ಅಂಗಡಿಗಳು ಎಡವುವುದು ಇಲ್ಲೇ. ಜುಲೈ 5ರಂದು ಒಬ್ಬರು ಇದೇ ಇಳಕಲ್ ಸೀರೆಯನ್ನು ಪೂರ್ತಿ ₹2,700 ಕೊಟ್ಟು ಒಯ್ದಿದ್ದಾರೆ. 13ನೇ ತಾರೀಖು ಅವರ ಫೋನಿಗೆ ₹2,430ರ ಸಂದೇಶ ಹೋಗುತ್ತದೆ. ‘ನಮ್ಮ ಹಳೆಯ ಗ್ರಾಹಕರಿಗೆ’ ಎಂಬ ಮಾತು ಅವರ ಕಣ್ಣಿಗೆ ಹೇಗೆ ಕಂಡೀತು? ಎಂಟು ದಿನ ಮೊದಲು ಗಲ್ಲಾದ ಮುಂದೆ ಕೂತಿದ್ದಾಗ ಯಾರೂ ಹೇಳಲಿಲ್ಲವಲ್ಲ ಎಂದು ಅವರಿಗೆ ಅನ್ನಿಸದೆ ಇರದು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸಂದೇಶ ಹೋಗುವ ಹಿಂದಿನ ದಿನ ಕಳೆದ ಹದಿನೈದು ದಿನದ ಬಿಲ್ಲುಗಳನ್ನು ತೆಗೆದು ನೋಡಬೇಕು. ಇಳಕಲ್ ಸೀರೆ ಒಯ್ದವರು ಹನ್ನೆರಡು ಮಂದಿ ಎಂದುಕೊಳ್ಳೋಣ. ಸೊಸೆಯೋ ಮಗನೋ ಒಬ್ಬೊಬ್ಬರಿಗೂ ಫೋನ್ ಮಾಡಿ, “ಅಮ್ಮಾ, ನೀವು ಹೋದ ವಾರ ತಗೊಂಡ್ರಲ್ಲ, ಆ ಸೀರೆಗೆ ಹಬ್ಬದ ಬೆಲೆ ಇಟ್ಟಿದ್ದೀವಿ. ನಿಮ್ಮ ₹270 ನಮ್ಮ ಪುಸ್ತಕದಲ್ಲಿ ಜಮಾ ಮಾಡಿದ್ದೀವಿ, ಮುಂದೆ ಬಂದಾಗ ಕಳೀತೀವಿ” ಎಂದು ಹೇಳಿದರೆ ಸಾಕು. ಹನ್ನೆರಡು ಜನರಿಗೆ ಇದರ ಖರ್ಚು ₹3,240. ಮೂರು ದಿನದ ಮಾರಾಟದಲ್ಲಿ ಇದು ದೊಡ್ಡ ಮೊತ್ತವಲ್ಲ, ಅದೂ ಮತ್ತೆ ಅಂಗಡಿಗೇ ಬಂದು ಕೊಳ್ಳುವಾಗ ಕಳೆಯುವಂಥದು. ಈ ಫೋನ್ ಸಂದೇಶಕ್ಕಿಂತ ಮೊದಲು ಹೋಗಬೇಕು. ಗಿರಾಕಿಯೇ ಕೇಳಿದ ಮೇಲೆ ಕೊಟ್ಟರೆ ಅದು ಸಮಾಧಾನದ ಹಣವಾಗುತ್ತದೆ.

ತಲುಪಿತೋ ಇಲ್ಲವೋ

ಇನ್ನೂರು ಮನೆಗೆ ಸಂದೇಶ ಕಳಿಸಲು ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಸುಲಭದ ದಾರಿ. ಒಂದು ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಪ್ರತಿಯೊಬ್ಬರಿಗೂ ಅದು ತಮಗೊಬ್ಬರಿಗೇ ಬಂದ ಸಂದೇಶದಂತೆ ಕಾಣುತ್ತದೆ. ಗ್ರೂಪ್ ಮಾಡುವುದು ಬೇಡ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಹೆಂಗಸರ ನಂಬರ್‌ಗಳನ್ನು ಹಾಗೆ ಹಂಚುವುದು ಸಲ್ಲದು. ಬ್ರಾಡ್‌ಕಾಸ್ಟ್‌ಗೆ ಒಂದು ಮಿತಿಯಿದೆ: ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಕಳಿಸಿದ ಸಂದೇಶವನ್ನು ಒತ್ತಿಹಿಡಿದು ಅದರ ವಿವರ ತೆರೆದರೆ ಯಾರಿಗೆಲ್ಲ ತಲುಪಿದೆ ಎಂದು ಕಾಣುತ್ತದೆ. ಒಂದು ದಿನ ಕಳೆದರೂ ಆ ಪಟ್ಟಿಯಲ್ಲಿ ಹೆಸರು ಬಾರದವರಿಗೆ ಫೋನೇ ಮಾಡಬೇಕು.

ವಾಟ್ಸ್ಆ್ಯಪ್ ಇಲ್ಲದ ಹಿರಿಯರಿಗೆ ಎಸ್‌ಎಂಎಸ್ ಉಳಿಯುತ್ತದೆ. ಪ್ರಚಾರದ ಎಸ್‌ಎಂಎಸ್ ಕಳಿಸಲು ಟ್ರಾಯ್ ನಿಯಮದಂತೆ ಅಂಗಡಿಯ ಹೆಸರು ಮತ್ತು ಸಂದೇಶದ ಮಾದರಿ ಎರಡನ್ನೂ ಮೊದಲೇ ನೋಂದಾಯಿಸಿರಬೇಕು. ಕನ್ನಡದಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ ಸಿಗುವುದು 70 ಅಕ್ಷರಗಳಷ್ಟೇ, ಇಂಗ್ಲಿಷ್‌ಗಾದರೆ 160. ಜೊತೆಗೆ ಕನ್ನಡದ ಎಣಿಕೆ ನಾವು ಓದುವ ಹಾಗಿಲ್ಲ. ವ್ಯಂಜನ, ಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಗ್ರಾಹಕರಿಗೆ’ ಎಂಬುದು ನಮ್ಮ ಕಣ್ಣಿಗೆ ಐದು ಅಕ್ಷರ, ಫೋನಿನ ಲೆಕ್ಕದಲ್ಲಿ ಹತ್ತು. ಈ ಸಾಲು ನೋಡಿ:

> ಹಬ್ಬದ ಸೀರೆ ಬಂದಿವೆ. ಹಳೆಯ ಗ್ರಾಹಕರಿಗೆ ಜುಲೈ 19-21. ಇಳಕಲ್ 2,430 ರೂ.

ಖಾಲಿ ಜಾಗಗಳನ್ನೂ ಸೇರಿಸಿ ಇದು 62. ಕೊನೆಗೆ ‘ಫಾಲ್ ಉಚಿತ’ ಎಂದು ಎರಡೇ ಪದ ಸೇರಿಸಿದರೆ 72 ಆಗಿ, ಬಿಲ್ಲು ಎರಡು ಎಸ್‌ಎಂಎಸ್‌ಗೆ ಬರುತ್ತದೆ. ಎಷ್ಟು ಸೀರೆ ಇವೆ, ಯಾವುದಕ್ಕೆ ರಿಯಾಯಿತಿ ಇಲ್ಲ ಎಂಬುದಕ್ಕೂ ಇಲ್ಲಿ ಜಾಗವಿಲ್ಲ. ಆದ್ದರಿಂದ ಎಸ್‌ಎಂಎಸ್ ಒಂದನ್ನೇ ನೆಚ್ಚಬಾರದು. ಅದನ್ನು ಪಡೆದವರಿಗೆ ಮನೆಯವರೊಬ್ಬರು ಫೋನ್ ಮಾಡಿ ಉಳಿದದ್ದನ್ನು ಹೇಳಬೇಕು, ಇಲ್ಲವೇ ಹೆಸರು ಕೈಯಲ್ಲಿ ಬರೆದ ಅಚ್ಚಿನ ಚೀಟಿ ಮನೆಗೆ ಹೋಗಬೇಕು. ಸಂದೇಶ ಬೇಡ ಎಂದವರ ನಂಬರನ್ನು ಅಂದೇ ಪಟ್ಟಿಯಿಂದ ತೆಗೆಯಬೇಕು. ಅಂಗಡಿಗೆ ಬರುವುದನ್ನು ಅವರು ಬಿಟ್ಟಿಲ್ಲ, ಸಂದೇಶವನ್ನಷ್ಟೇ ಬೇಡ ಎಂದಿದ್ದಾರೆ.

ಕೊನೆಗೆ ಅಂಗಡಿಯವರಲ್ಲಿ ಒಂದು ವಿನಂತಿ. ಸಂದೇಶ ಕಳಿಸುವ ಗುಂಡಿ ಒತ್ತುವ ಮೊದಲು, ಅಂಗಡಿಯಲ್ಲಿ ಸೀರೆ ತೋರಿಸುವ ಪ್ರತಿಯೊಬ್ಬರನ್ನೂ ಕೂರಿಸಿ ಅದನ್ನು ಗಟ್ಟಿಯಾಗಿ ಓದಿ ಹೇಳಿ. ಈ ಬೆಲೆಗೆ ಕೊಡುತ್ತೀರಾ, ಈ ಸೀರೆ ಎಲ್ಲಿದೆ, ಆಗಸ್ಟ್ 5ರವರೆಗೆ ಎತ್ತಿಡುವ ಕಪಾಟು ಯಾವುದು, ಜಮಾ ಮಾಡಿದ ₹270 ಯಾರು ಕಳೆಯಬೇಕು ಎಂದು ಕೇಳಿ. ಉತ್ತರ ತಡವರಿಸಿದ ಸಾಲನ್ನು ತಿದ್ದಿ, ಇಲ್ಲವೇ ತೆಗೆದುಹಾಕಿ. ಹಳೆಯ ಗಿರಾಕಿ ಅಂಗಡಿಗೆ ಬಂದಾಗ ನೀವು ಬರೆದ ಒಂದು ಮಾತನ್ನೂ ‘ಅದು ಹಾಗಲ್ಲಮ್ಮ’ ಎಂದು ತಿದ್ದಿ ಹೇಳುವ ಪ್ರಸಂಗ ಬರಬಾರದು.